ಬೀರು ಕೊಡಿಸುವವರಿದ್ದಾರೆ, ಬಾಗಿಲು ತೆಗೆಯುವವರಿಗೆ ಸಂಬಳ ಕೊಡುವವರು ಯಾರು?

ಕೈಗಾರಿಕಾ ಪ್ರದೇಶಗಳ ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಕಂಪನಿಯ ಹೆಸರು ಬರೆಸಿದ ಗಾಜಿನ ಬೀರುಗಳು ಕಾಣಸಿಗುತ್ತವೆ. ಎಷ್ಟೋ ಕಡೆ ಅವು ನಿಂತಿರುವುದು ಮುಖ್ಯ ಶಿಕ್ಷಕರ ಕೊಠಡಿಯಲ್ಲಿ, ಅವರ ಕುರ್ಚಿಯ ಹಿಂದೆ, ಬೀಗ ಹಾಕಿಕೊಂಡು. ಒಳಗಿನ ಪುಸ್ತಕಗಳ ಅಂಚು ಇನ್ನೂ ಹೊಸದಾಗಿಯೇ ಇರುತ್ತದೆ. ದುಡ್ಡು ಬಂದಿದೆ, ಪುಸ್ತಕವೂ ಬಂದಿದೆ, ಮಕ್ಕಳ ಕೈಗೆ ಮಾತ್ರ ಬಂದಿಲ್ಲ. ಇದಕ್ಕೆ ಶಿಕ್ಷಕರ ಉದಾಸೀನ ಕಾರಣ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಕಂಡಂತೆ ಕಾರಣ ಅದಕ್ಕೂ ಹಿಂದೆ, ಕಂಪನಿಗೆ ಕೊಟ್ಟ ಮನವಿಯಲ್ಲೇ ಇರುತ್ತದೆ. ಮನವಿಯಲ್ಲಿ ಬೀರು ಕೇಳಿದ್ದರು, ಬೀರು ಬಂತು.

ಶಾಲೆಯ ಗ್ರಂಥಾಲಯಕ್ಕಾಗಿ ಸಿಎಸ್‌ಆರ್ ಹಣ ಕೇಳಲು ಹೊರಟ ಹಳೆಯ ವಿದ್ಯಾರ್ಥಿಗಳು, ಎಸ್‌ಡಿಎಂಸಿ ಸದಸ್ಯರು, ಊರಿನ ಸಂಸ್ಥೆಯವರು ಮೊದಲು ತಿಳಿಯಬೇಕಾದದ್ದು ಆ ಹಣದ ಸ್ವಭಾವವನ್ನು. ಇದು ಮಾಲೀಕರು ಮನಸ್ಸು ಕರಗಿ ಜೇಬಿನಿಂದ ತೆಗೆದುಕೊಡುವ ದಾನ ಅಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ಹಿಂದಿನ ಹಣಕಾಸು ವರ್ಷದಲ್ಲಿ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಸಂಪತ್ತು ಇದ್ದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಯಾವ ಕೆಲಸ ಎಂಬುದನ್ನು ಕಾಯ್ದೆಯ ಏಳನೇ ಅನುಸೂಚಿ ಹೇಳುತ್ತದೆ, ಶಿಕ್ಷಣ ಅದರಲ್ಲಿದೆ. ಖರ್ಚಾದ ಹಣ ಒಪ್ಪಿಗೆ ಕೊಟ್ಟ ಕೆಲಸಕ್ಕೇ, ಒಪ್ಪಿಗೆ ಕೊಟ್ಟ ರೀತಿಯಲ್ಲೇ ಹೋಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ಅಂದರೆ ನಮ್ಮ ಮನವಿಯನ್ನು ಕೊನೆಗೆ ಓದುವವರು ಲೆಕ್ಕದ ಜನ. ನಮ್ಮ ಎದುರು ಕೂತು ತಲೆಯಾಡಿಸುವ ಅಧಿಕಾರಿಗೆ ಶಾಲೆಯ ಮೇಲೆ ಎಷ್ಟೇ ಪ್ರೀತಿ ಇರಲಿ, ಒಳಗೆ ಹೋಗಿ ಆ ಕಡತವನ್ನು ಸಮರ್ಥಿಸಿಕೊಳ್ಳಬೇಕಾದವರು ಅವರೇ. ಅವರ ಕೈಗೆ ಏನು ಕೊಡುತ್ತೇವೆ ಎನ್ನುವುದೇ ಮುಖ್ಯ.

ಹೆಚ್ಚಿನವರು ಮೊದಲು ಮುಖ ಮಾಡುವುದು ದೊಡ್ಡ ಹೆಸರಿನ ಕಂಪನಿಗಳ ಕಡೆಗೆ. ಅಲ್ಲಿ ಸಾಮಾನ್ಯವಾಗಿ ಒಂದು ಶಾಲೆಯ ಮನವಿಗೆ ಜಾಗ ಇರುವುದಿಲ್ಲ; ಐವತ್ತು, ನೂರು ಶಾಲೆಗಳನ್ನು ಒಟ್ಟಿಗೆ ನಡೆಸುವ ಸಂಸ್ಥೆಗಳ ಜೊತೆ ಅವರ ಒಪ್ಪಂದ ಆಗಲೇ ಆಗಿರುತ್ತದೆ. ಒಂದೇ ಶಾಲೆಗೆ ಸರಿಹೊಂದುವುದು ಪಕ್ಕದ ಮಧ್ಯಮ ಗಾತ್ರದ ಕಾರ್ಖಾನೆ. ಸರಾಸರಿ 9 ಕೋಟಿ ಲಾಭವಿರುವ ಕಾರ್ಖಾನೆ ವರ್ಷಕ್ಕೆ 18 ಲಕ್ಷ ಖರ್ಚು ಮಾಡಬೇಕಾಗುತ್ತದೆ. ಈ ಬಾಬತ್ತು 50 ಲಕ್ಷ ಮೀರದಿದ್ದರೆ ಕಂಪನಿ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಮಾಡಬೇಕಾಗಿಲ್ಲ, ಆಡಳಿತ ಮಂಡಳಿಯೇ ತೀರ್ಮಾನಿಸಬಹುದು. ತಾನು ಕೆಲಸ ಮಾಡುವ ಊರು ಮತ್ತು ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಕಾಯ್ದೆಯೇ ಹೇಳುವುದರಿಂದ, ಕಾರ್ಖಾನೆಯ ಗೇಟಿನಿಂದ ಶಾಲೆಗೆ ಎಷ್ಟು ಕಿಲೋಮೀಟರ್ ಎಂಬ ಒಂದು ಸಾಲು ಮನವಿಯಲ್ಲಿ ಇರಲೇಬೇಕು. ಯಾವ ಕಂಪನಿ ಹಿಂದೆ ಎಲ್ಲಿ, ಯಾವುದಕ್ಕೆ ಖರ್ಚು ಮಾಡಿದೆ ಎಂಬುದನ್ನು csr.gov.in ನಲ್ಲಿ ನೋಡಬಹುದು. ವಾರ್ಷಿಕ ವರದಿಗೆ ಲಗತ್ತಿಸಿದ ಸಿಎಸ್‌ಆರ್ ವರದಿಯಲ್ಲೂ ಸಿಗುತ್ತದೆ. ಮೂರು ವರ್ಷದಿಂದ ಆಸ್ಪತ್ರೆಗಳಿಗೆ ಮಾತ್ರ ಕೊಟ್ಟವರ ಬಾಗಿಲಿಗೆ ಪುಸ್ತಕದ ಮನವಿ ಹಿಡಿದು ಅಲೆಯುವ ಮೊದಲು, ಅಂಗನವಾಡಿಗೋ ಶಾಲೆಯ ಶೌಚಾಲಯಕ್ಕೋ ಕೊಟ್ಟವರು ಹತ್ತಿರದಲ್ಲಿದ್ದಾರೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಕಾಲವೂ ಮುಖ್ಯ. ಕಂಪನಿಯ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮುಂದಿನ ವರ್ಷದ ಯೋಜನೆಯ ಪಟ್ಟಿ ವರ್ಷದ ಕೊನೆಯ ತಿಂಗಳುಗಳಲ್ಲಿ ಸಿದ್ಧವಾಗುತ್ತದೆ. ನವೆಂಬರ್‌ನಿಂದ ಜನವರಿಯೊಳಗೆ ಮನವಿ ಹೋದರೆ ಏಪ್ರಿಲ್, ಮೇ ಹೊತ್ತಿಗೆ ಒಪ್ಪಿಗೆ ಸಿಗಬಹುದು, ಶಾಲೆ ತೆರೆದ ಮೊದಲ ತಿಂಗಳುಗಳಲ್ಲೇ ಕೆಲಸ ಶುರುವಾಗಬಹುದು. ಮಾರ್ಚ್‌ನಲ್ಲಿ ಬರುವ ಫೋನ್ ಕರೆಯೇ ಬೇರೆ. ‘ಮೇಷ್ಟ್ರೇ, ಎರಡು ಲಕ್ಷ ಇದೆ, ಈ ತಿಂಗಳು ಖರ್ಚಾಗಬೇಕು, ಏನು ಬೇಕು ಹೇಳಿ’ ಎಂದು ಕೇಳುತ್ತಾರೆ. ಹಲವು ವರ್ಷದ ಯೋಜನೆಗೆ ಸೇರದ ಹಣ ಉಳಿದರೆ, ವರ್ಷ ಮುಗಿದ ಆರು ತಿಂಗಳಲ್ಲಿ ಅದು ಕಾಯ್ದೆ ಹೆಸರಿಸಿದ ಸರ್ಕಾರಿ ನಿಧಿಗೆ ಹೋಗುತ್ತದೆ, ಅವಸರ ಅದರಿಂದ. ಹದಿನೈದು ದಿನದಲ್ಲಿ ಖರ್ಚಾಗಿ ರಸೀದಿ ಸಿಗುವ ವಸ್ತು ಎಂದರೆ ಬೀರು, ಮೇಜು, ಕಂಪ್ಯೂಟರ್. ಬೀಗ ಬಿದ್ದ ಬೀರುಗಳಲ್ಲಿ ಕೆಲವು ಹುಟ್ಟುವುದು ಹೀಗೆ.

ಇನ್ನೊಂದು ಕಾರಣ ಹಣ ಹೋಗುವ ದಾರಿಯಲ್ಲಿದೆ. ಕಂಪನಿಗೆ ಎರಡು ದಾರಿಗಳಿವೆ. ತಾನೇ ಅಂಗಡಿಗೆ ಹಣ ಕಟ್ಟಿ ಸಾಮಾನು ಕೊಂಡು ಶಾಲೆಗೆ ಒಪ್ಪಿಸಬಹುದು. ಇಲ್ಲವೇ ಒಂದು ಟ್ರಸ್ಟ್ ಅಥವಾ ಸಂಘದ ಮೂಲಕ ಮಾಡಿಸಬಹುದು. 2021ರ ಏಪ್ರಿಲ್‌ನಿಂದ ಅಂಥ ಸಂಸ್ಥೆ ಸಿಎಸ್‌ಆರ್-1 ನಮೂನೆ ತುಂಬಿ ನೋಂದಣಿ ಸಂಖ್ಯೆ ಪಡೆದಿರಬೇಕು. ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ ಇರಬೇಕು, ಹೊರಗಿನ ಸಂಸ್ಥೆಯಾದರೆ ಇಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. ಕಳೆದ ವರ್ಷ ಹುಟ್ಟಿದ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಈ ದಾರಿ ಮುಚ್ಚಿದೆ. ಆಗ ಎಲ್ಲರೂ ಮೊದಲ ದಾರಿ ಹಿಡಿಯುತ್ತಾರೆ. ಆ ದಾರಿಯಲ್ಲಿ ಕೊಟೇಶನ್ ಮತ್ತು ಬಿಲ್ಲು ಇರುವ ವಸ್ತುಗಳನ್ನು ಕೊಳ್ಳಬಹುದು, ಒಬ್ಬ ಮನುಷ್ಯರನ್ನು ನೇಮಿಸಲು ಮಾತ್ರ ಕಾರ್ಖಾನೆ ಹಿಂಜರಿಯುತ್ತದೆ. ಸಂಬಳ ಕೊಟ್ಟರೆ ಅವರು ನಮ್ಮ ಕೆಲಸಗಾರರಾಗಿಬಿಡುತ್ತಾರೆ ಎಂಬ ಭಯ ಅದಕ್ಕೆ. ಆದ್ದರಿಂದ ಮನವಿ ಬರೆಯುವ ಮೊದಲೇ, ನೋಂದಣಿ ಇರುವ ಒಂದು ಶಿಕ್ಷಣ ಸಂಸ್ಥೆಯನ್ನು ಜೊತೆಗೆ ಹಾಕಿಕೊಳ್ಳುವುದು ನನ್ನ ಪ್ರಕಾರ ಅರ್ಧ ಕೆಲಸ.

ಈಗ ಒಂದು ಶಾಲೆಯ ಲೆಕ್ಕ ಹಾಕಿ ನೋಡೋಣ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಒಂದರಿಂದ ಏಳನೇ ತರಗತಿಯವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ, ಅದರಲ್ಲಿ 180 ಮಕ್ಕಳಿದ್ದಾರೆ, ಒಂದು ಕೊಠಡಿ ಖಾಲಿ ಇದೆ ಎಂದಿಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು. ನಿಮ್ಮ ಊರಿನ ದರ ನೀವೇ ವಿಚಾರಿಸಬೇಕು.

ಮಗುವಿಗೆ ಐದರಂತೆ 900 ಪುಸ್ತಕ, ಸರಾಸರಿ 90 ರೂಪಾಯಿ ಹಿಡಿದರೆ 81,000. ಮಕ್ಕಳ ಕೈಗೆ ಎಟುಕುವಷ್ಟೇ ಎತ್ತರದ, ಬಾಗಿಲಿಲ್ಲದ ಆರು ಕಪಾಟುಗಳಿಗೆ 54,000. ಜಮಖಾನ ಮತ್ತು ಕುಳಿತು ಬರೆಯುವ ಗಿಡ್ಡ ಮೇಜುಗಳಿಗೆ 18,000. ಬಣ್ಣ, ದೀಪ, ಫ್ಯಾನಿಗೆ 30,000. ಲೇಬಲ್, ಪುಸ್ತಕಕ್ಕೆ ಹಾಕುವ ಪ್ಲಾಸ್ಟಿಕ್ ಹೊದಿಕೆ, ವಹಿಗಳಿಗೆ 8,000. ದಿನಕ್ಕೆ ಅರ್ಧ ಹೊತ್ತು ಬಂದು ಗ್ರಂಥಾಲಯ ನಡೆಸುವವರಿಗೆ ತಿಂಗಳಿಗೆ 8,000ದಂತೆ ಎರಡು ವರ್ಷಕ್ಕೆ 1,92,000. ಅವರ ಮತ್ತು ಇಬ್ಬರು ಶಿಕ್ಷಕರ ತರಬೇತಿಗೆ 15,000. ಸಂಸ್ಥೆಯವರು ತಿಂಗಳಿಗೊಮ್ಮೆ ಬಂದು ನೋಡಿ ವರದಿ ಬರೆಯಲು ಎರಡು ವರ್ಷಕ್ಕೆ 24,000. ಎರಡನೇ ವರ್ಷ ಹರಿದ, ಕಳೆದ ಪುಸ್ತಕಗಳ ಬದಲಿಗೆ 9,000. ಒಟ್ಟು 4,31,000 ರೂಪಾಯಿ, ಮೊದಲ ವರ್ಷ 3,14,000, ಎರಡನೇ ವರ್ಷ 1,17,000. ಒಂದು ಮಗುವಿಗೆ ವರ್ಷಕ್ಕೆ ಸುಮಾರು 1,200 ರೂಪಾಯಿ.

ಈ ಪಟ್ಟಿ ಕಂಪನಿಯ ಮೇಜಿನ ಮೇಲೆ ಬಿದ್ದ ಕೂಡಲೇ ಅವರ ಪೆನ್ನು ಹೋಗುವುದು 1,92,000ದ ಮೇಲೆ. ಒಟ್ಟು ಮೊತ್ತದ ನೂರಕ್ಕೆ ನಲವತ್ತೈದರಷ್ಟು ಸಂಬಳಕ್ಕೇ ಹೋಗುತ್ತಿದೆ, ಆಡಳಿತ ವೆಚ್ಚ ಶೇಕಡಾ 5 ಮೀರುವ ಹಾಗಿಲ್ಲವಲ್ಲ ಎನ್ನುತ್ತಾರೆ. ಎಷ್ಟೋ ಮನವಿಗಳು ಇಲ್ಲಿ ಸೋಲುತ್ತವೆ. ಕೇಳಲು ಹೋದವರು ಗಾಬರಿಯಾಗಿ ‘ಆಯ್ತು ಸರ್, ಅದನ್ನು ತೆಗೆದುಬಿಡೋಣ’ ಎಂದುಬಿಡುತ್ತಾರೆ. ಹಾಗೆ ಒಪ್ಪಬಾರದು. 2021ರ ಜನವರಿಯಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳು ಹೇಳುವ ಆ ಶೇಕಡಾ 5, ಕಂಪನಿಯು ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಆಡಳಿತ ಖರ್ಚಿನ ಮಿತಿ. ನಿರ್ದಿಷ್ಟ ಯೋಜನೆಯೊಂದನ್ನು ರೂಪಿಸಲು, ನಡೆಸಲು, ಮೇಲ್ವಿಚಾರಣೆ ಮಾಡಲು ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು ಅದೇ ನಿಯಮದ ವ್ಯಾಖ್ಯೆಯಲ್ಲಿದೆ. ಗ್ರಂಥಾಲಯ ನಡೆಸುವವರ ಸಂಬಳ ಯೋಜನೆಯ ಖರ್ಚೇ. ಈ ಮಾತನ್ನು ಮನವಿಯ ಬಜೆಟ್ಟಿನ ಕೆಳಗೆ ಎರಡು ಸಾಲಿನಲ್ಲಿ ಬರೆದಿಟ್ಟರೆ, ಲೆಕ್ಕದವರು ಕೇಳುವ ಮೊದಲೇ ಉತ್ತರ ಕೊಟ್ಟಂತಾಗುತ್ತದೆ. ಎರಡನೇ ವರ್ಷದ ಹಣದ ಪ್ರಶ್ನೆಗೂ ದಾರಿಯಿದೆ. ಶುರುವಿನಲ್ಲೇ ಆಡಳಿತ ಮಂಡಳಿ ಇದನ್ನು ಮುಂದುವರಿಯುವ ಯೋಜನೆ ಎಂದು ಒಪ್ಪಿದರೆ, ಆ ವರ್ಷ ಉಳಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮುಂದಿನ ಮೂರು ವರ್ಷಗಳೊಳಗೆ ಖರ್ಚು ಮಾಡಲು ಅವಕಾಶವಿದೆ.

ಆ ವ್ಯಕ್ತಿ ಯಾಕೆ ಅಷ್ಟು ಮುಖ್ಯ ಎಂಬುದನ್ನೂ ಲೆಕ್ಕದಲ್ಲೇ ತೋರಿಸಬೇಕು. ಗ್ರಂಥಾಲಯದ ಹೊಣೆ ಹೊತ್ತ ಶಿಕ್ಷಕರು ಏಳು ತರಗತಿಗಳ ಪಾಠದ ನಡುವೆ ಪುಸ್ತಕ ಕೊಡಬೇಕು, ಬರೆದುಕೊಳ್ಳಬೇಕು, ವಾಪಸು ಪಡೆಯಬೇಕು. ಪುಸ್ತಕ ದಾಸ್ತಾನು ವಹಿಗೆ ಏರಿರುತ್ತದೆ. ವರ್ಗವಾಗಿ ಚಾರ್ಜ್ ಕೊಡುವ ದಿನ ಒಂದು ಪುಸ್ತಕ ಕಡಿಮೆ ಬಂದರೂ ಉತ್ತರ ಕೊಡಬೇಕಾದವರು ಅವರೇ. ಬೀಗ ಹಾಕಿಟ್ಟರೆ ಒಂದೂ ಕಳೆಯುವುದಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಬೀಗವನ್ನೇ ಹಾಕುತ್ತಿದ್ದರು. ಈ ಭಯ ಹೋಗುವವರೆಗೆ ಎಷ್ಟು ಪುಸ್ತಕ ಬಂದರೂ ಅಷ್ಟೇ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ಉದಾರವಾಗಿವೆ. ವರ್ಷದಲ್ಲಿ ಎರವಲು ಹೋದ ಅಥವಾ ಬಳಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅದರಲ್ಲಿ ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದರೆ, ಸಹಜ ನಷ್ಟವೆಂದು ಪರಿಗಣಿಸಬಹುದು ಎನ್ನುತ್ತದೆ ಅದರ 215ನೇ ನಿಯಮ. ಆ ನಿಯಮ ಇರುವುದು ಕೇಂದ್ರದ ಕಚೇರಿಗಳಿಗೆ. ಆದರೆ ನಮ್ಮ ಶಾಲೆಗೆ ಅಳತೆಗೋಲಾಗಿ ಬಳಸಬಹುದು. 180 ಮಕ್ಕಳು ವಾರಕ್ಕೊಂದರಂತೆ 36 ವಾರ ಪುಸ್ತಕ ಒಯ್ದರೆ 6,480 ಎರವಲು ಆಗುತ್ತದೆ. ಸಾವಿರಕ್ಕೆ ಐದರ ಲೆಕ್ಕದಲ್ಲಿ 32 ಪುಸ್ತಕ ಕಳೆಯಬಹುದು. ಹರಿದು ಹೋಗುವವೂ ಸೇರಿ 90ರಿಂದ 100 ಪುಸ್ತಕ ಬದಲಿಸಲು 9,000 ರೂಪಾಯಿ ಬಜೆಟ್ಟಿನಲ್ಲಿ ಇಟ್ಟದ್ದು ಇದಕ್ಕೇ. ಮನವಿಯ ಜೊತೆ ಎಸ್‌ಡಿಎಂಸಿಯ ಒಂದು ನಡಾವಳಿ ಲಗತ್ತಿಸಿ: ಮಕ್ಕಳು ಮನೆಗೆ ಪುಸ್ತಕ ಒಯ್ಯಬಹುದು, ಕಳೆದ ಪುಸ್ತಕವನ್ನು ಯೋಜನೆಯ ಹಣದಿಂದ ತುಂಬಿಕೊಡಲಾಗುವುದು, ಶಿಕ್ಷಕರಿಂದಾಗಲಿ ಮಕ್ಕಳಿಂದಾಗಲಿ ವಸೂಲಿ ಮಾಡುವುದಿಲ್ಲ. ಎರಡು ವರ್ಷದ ಮಟ್ಟಿಗಾದರೂ ಈ ಮಾತು ಬರಹದಲ್ಲಿದ್ದರೆ ಬೀಗ ತೆರೆಯಲು ಧೈರ್ಯ ಬರುತ್ತದೆ. ಯೋಜನೆಯ ಹಣದಲ್ಲಿ ಕೊಂಡ ಕಪಾಟು ಯಾರ ಸ್ವತ್ತು ಎಂಬುದೂ ಬರಹದಲ್ಲಿರಲಿ. ಸಿಎಸ್‌ಆರ್ ಹಣದಿಂದ ಆದ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ, ಸರ್ಕಾರಿ ಶಾಲೆಯಲ್ಲಿ ಅದು ಇಲಾಖೆಯ ಸ್ವತ್ತಾಗುತ್ತದೆ. ಹೀಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆ ಪತ್ರವೂ ಮನವಿಯ ಜೊತೆಗೇ ಹೋಗಬೇಕು. ಅದನ್ನು ಆಮೇಲೆ ತರುತ್ತೇವೆ ಎಂದರೆ ತಿಂಗಳುಗಳು ಕಳೆಯುತ್ತವೆ.

ಇನ್ನು ಬರಹ. ಎರಡು ಪುಟ ಸಾಕು, ಬಜೆಟ್ಟು ಮತ್ತು ಪತ್ರಗಳು ಹಿಂದೆ. ‘ನಮ್ಮ ಶಾಲೆಯು ಶತಮಾನದ ಇತಿಹಾಸವುಳ್ಳದ್ದಾಗಿದ್ದು, ತಾವು ದೊಡ್ಡ ಮನಸ್ಸು ಮಾಡಿ’ ಎಂದು ಶುರುವಾದರೆ ಓದುವವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಇದರ ಬದಲು ಹೀಗಿರಲಿ: ‘ನಿಮ್ಮ ಕಾರ್ಖಾನೆಯಿಂದ 3 ಕಿ.ಮೀ. ದೂರದ ನಮ್ಮ ಶಾಲೆಯಲ್ಲಿ 180 ಮಕ್ಕಳಿದ್ದಾರೆ. ದಾಸ್ತಾನು ವಹಿಯಲ್ಲಿ 412 ಪುಸ್ತಕಗಳಿವೆ, ಅವುಗಳಲ್ಲಿ ಒಂದರಿಂದ ಮೂರನೇ ತರಗತಿಯವರು ಓದಬಲ್ಲವು 37. ಕಳೆದ ಮೂರು ತಿಂಗಳಲ್ಲಿ ಎರವಲು ಹೋದವು 11. ಎರಡು ವರ್ಷದಲ್ಲಿ ಪ್ರತಿ ಮಗುವೂ ವಾರಕ್ಕೊಂದು ಪುಸ್ತಕ ಮನೆಗೆ ಒಯ್ಯುವಂತೆ ಮಾಡಲು 4,31,000 ರೂಪಾಯಿ ಕೇಳುತ್ತಿದ್ದೇವೆ.’ ನಾಲ್ಕು ಸಾಲಿನಲ್ಲಿ ದೂರ, ಕೊರತೆ, ಗುರಿ, ಮೊತ್ತ ಎಲ್ಲವೂ ಬಂತು. ಈ ಅಂಕಿಗಳನ್ನು ಪಡೆಯಲು ಒಂದು ಮಧ್ಯಾಹ್ನ ಕೂತು ಬೀರು ಖಾಲಿ ಮಾಡಿ ಎಣಿಸಬೇಕು, ಅಷ್ಟೇ. ಎಣಿಸುವಾಗ ಹಲವು ಶಾಲೆಗಳಲ್ಲಿ ಕಾಣುವುದು ಇದು: ಹಳೆಯ ಪಠ್ಯಪುಸ್ತಕ, ಯಾವುದೋ ಯೋಜನೆಯ ಕೈಪಿಡಿ, ಒಂದೇ ಪುಸ್ತಕದ ಇಪ್ಪತ್ತು ಪ್ರತಿ. ಏಳು ವರ್ಷದ ಮಗು ತಾನೇ ಓದಬಹುದಾದ, ಪುಟಕ್ಕೆರಡು ಸಾಲಿನ ಚಿತ್ರಪುಸ್ತಕ ಬಹಳ ಕಡಿಮೆ.

ಅದಕ್ಕೇ ಪುಸ್ತಕದ ಪಟ್ಟಿಯನ್ನು ಅಂಗಡಿಯವರಿಗೆ ಬಿಡಬಾರದು. ‘900 ಕನ್ನಡ ಪುಸ್ತಕ’ ಎಂದಷ್ಟೇ ಬರೆದು ಅತಿ ಕಡಿಮೆ ಕೊಟೇಶನ್ ಕೊಟ್ಟವರಿಂದ ತರಿಸಿದರೆ, ಅವರ ಗೋದಾಮಿನಲ್ಲಿ ಉಳಿದದ್ದು ಬರುತ್ತದೆ. ಹೆಸರು ಹಿಡಿದ ಪಟ್ಟಿ ಮನವಿಯಲ್ಲೇ ಇರಲಿ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ತೂಲಿಕಾ, ನವಕರ್ನಾಟಕ ಇವರೆಲ್ಲ ಮಕ್ಕಳಿಗಾಗಿ ಕನ್ನಡದಲ್ಲಿ ಪುಸ್ತಕ ತಂದಿದ್ದಾರೆ. ಓದಿನ ಮಟ್ಟಕ್ಕೆ ತಕ್ಕಂತೆ ಪುಸ್ತಕಕ್ಕೆ ಬಣ್ಣದ ಪಟ್ಟಿ ಅಂಟಿಸುವ ಕ್ರಮವನ್ನು ಬೆಂಗಳೂರಿನ ಹಿಪ್ಪೋಕ್ಯಾಂಪಸ್ ಸಂಸ್ಥೆ ಬಳಸಿದೆ; ಹಸಿರಿನಿಂದ ಹಳದಿಯವರೆಗೆ ಆರು ಬಣ್ಣ. ಐದನೇ ತರಗತಿಯ ಮಗು ಎರಡನೇ ತರಗತಿಯ ಮಟ್ಟದ ಪುಸ್ತಕ ಓದುತ್ತಿದ್ದರೂ ಬಣ್ಣ ಮಾತ್ರ ಕಾಣುತ್ತದೆ, ತರಗತಿ ಕಾಣುವುದಿಲ್ಲ. ಹೀಗಾಗಿ ನಾಚಿಕೆ ಇರುವುದಿಲ್ಲ.

ಕಂಪನಿಯವರು ಪ್ರೀತಿಯಿಂದ ಮುಂದಿಡುವ ಇನ್ನೊಂದು ಸಲಹೆ, ನೌಕರರ ಮನೆಗಳಿಂದ ಹಳೆಯ ಪುಸ್ತಕ ಸಂಗ್ರಹಿಸಿ ಕೊಡುವುದು. ಇದನ್ನು ಮರ್ಯಾದೆಯಿಂದಲೇ ಬೇಡ ಎನ್ನಬೇಕು. ಹೀಗೆ ಬರುವುದರಲ್ಲಿ ಇಂಗ್ಲಿಷ್ ಕಾದಂಬರಿ, ಪ್ರವೇಶ ಪರೀಕ್ಷೆಯ ಗೈಡು ಹೆಚ್ಚು. ವಸ್ತು ರೂಪದ ಕೊಡುಗೆಗೆ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚೆಂದು ತೋರಿಸುವಂತಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯವೇ 2021ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಅವರ ಲೆಕ್ಕಕ್ಕೂ ಅದರಿಂದ ಉಪಯೋಗವಿಲ್ಲ. ನೌಕರರು ಬರಲಿ, ತಿಂಗಳಿಗೊಂದು ಶನಿವಾರ ಮಕ್ಕಳಿಗೆ ಕಥೆ ಓದಿ ಹೇಳಲಿ ಎಂದರೆ ಅವರಿಗೂ ಸಂತೋಷ.

ಮುಖಾಮುಖಿ ಮಾತುಕತೆಯಲ್ಲಿ ಬಂದೇ ಬರುವ ಪ್ರಶ್ನೆ, ‘ಎರಡು ವರ್ಷ ಆದ ಮೇಲೆ ಏನು?’ ಎನ್ನುವುದು. ‘ಸಮುದಾಯವೇ ನಡೆಸುತ್ತದೆ ಸರ್’ ಎಂಬ ಉತ್ತರವನ್ನು ಅವರು ಬೇಕಾದಷ್ಟು ಕೇಳಿದ್ದಾರೆ. ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ ಎಂದು ಬಿಡಿಸಿ ಹೇಳುವುದೇ ಮೇಲು. ಪುಸ್ತಕ ಬದಲಿಸಲು ಸಮಗ್ರ ಶಿಕ್ಷಾ ಯೋಜನೆಯ ಗ್ರಂಥಾಲಯ ಅನುದಾನ ಇದೆ. ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ. ವೇಳಾಪಟ್ಟಿಯಲ್ಲಿ ಪ್ರತಿ ತರಗತಿಗೂ ವಾರಕ್ಕೊಂದು ಗ್ರಂಥಾಲಯದ ಅವಧಿ ಎಂದು ಮೊದಲ ವರ್ಷವೇ ಬರೆಸಿದ್ದರೆ ಅದು ಉಳಿಯುತ್ತದೆ. ತರಬೇತಿ ಪಡೆದ ಇಬ್ಬರು ಶಿಕ್ಷಕರು ವರ್ಗವಾಗದಿದ್ದರೆ ಉಳಿಯುತ್ತಾರೆ. ಆರು, ಏಳನೇ ತರಗತಿಯ ಮಕ್ಕಳು ಎರವಲು ವಹಿ ಬರೆಯಲು ಕಲಿತಿರುತ್ತಾರೆ. ತಿಂಗಳ 8,000 ಸಂಬಳಕ್ಕೆ ಮಾತ್ರ ಖಾತ್ರಿಯಿಲ್ಲ. ಇದನ್ನು ಮುಚ್ಚಿಡದೆ, ಹದಿನೆಂಟನೇ ತಿಂಗಳಲ್ಲಿ ಕಂಪನಿ, ಎಸ್‌ಡಿಎಂಸಿ, ಗ್ರಾಮ ಪಂಚಾಯಿತಿ ಮೂವರೂ ಕೂತು ತೀರ್ಮಾನಿಸುವ ಸಭೆಯನ್ನು ಯೋಜನೆಯಲ್ಲೇ ಹಾಕಿಡಬಹುದು. ಪಂಚಾಯಿತಿಗೆ ತನ್ನದೇ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಇದ್ದರೆ ಅದರ ಮೇಲ್ವಿಚಾರಕರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಬೇಕು.

ಫಲಿತಾಂಶ ಏನು ಎಂಬ ಪ್ರಶ್ನೆಗೆ ಆಸೆ ಹುಟ್ಟಿಸುವ ಉತ್ತರ ಕೊಡುವುದು ಸುಲಭ. ‘ಒಂದೇ ವರ್ಷದಲ್ಲಿ ಎಲ್ಲ ಮಕ್ಕಳ ಓದು ತರಗತಿಯ ಮಟ್ಟಕ್ಕೆ ಬರುತ್ತದೆ’ ಎಂದು ಬರೆಯಬೇಡಿ. ವಾರಕ್ಕೊಂದು ಪುಸ್ತಕದಿಂದ ಅಷ್ಟು ಆಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು, ವರ್ಷದ ಕೊನೆಗೆ ಅದೇ ಸಾಲು ನಮ್ಮ ವಿರುದ್ಧ ನಿಲ್ಲುತ್ತದೆ. ಎರವಲು ವಹಿಯಲ್ಲಿ ಕಾಣುವುದನ್ನೇ ಗುರಿಯಾಗಿಡಿ: ಮೂರನೇ ತಿಂಗಳ ಕೊನೆಗೆ ಮಗುವೊಂದಕ್ಕೆ ತಿಂಗಳಿಗೆ ಸರಾಸರಿ ಎರಡು ಪುಸ್ತಕ, ಮೊದಲ ವರ್ಷದ ಕೊನೆಗೆ ಮೂರು, ಎರಡನೇ ವರ್ಷದಲ್ಲಿ ನಾಲ್ಕು. ಜೊತೆಗೆ, ಆ ತಿಂಗಳು ಒಂದೂ ಪುಸ್ತಕ ಒಯ್ಯದ ಮಕ್ಕಳ ಸಂಖ್ಯೆ. ನನಗೆ ಬಹಳ ಮುಖ್ಯವೆನಿಸುವುದು ಈ ಕೊನೆಯ ಅಂಕಿ. ಸರಾಸರಿಯನ್ನು ಹತ್ತು ಓದುಗುಳಿ ಮಕ್ಕಳೇ ಮೇಲೆತ್ತಿಬಿಡಬಹುದು. ಸುಮ್ಮನೆ ಹಿಂದೆ ಕೂತ ಮಕ್ಕಳು ಎಷ್ಟು ಎಂಬುದು ಇಲ್ಲಿ ಮಾತ್ರ ತಿಳಿಯುತ್ತದೆ.

ವಹಿ ಸುಳ್ಳು ಹೇಳುತ್ತಿದೆಯೇ ಎಂದು ಕಂಡುಹಿಡಿಯುವುದೂ ಕಷ್ಟವಲ್ಲ. ಒಂದೇ ಶಾಯಿಯಲ್ಲಿ, ಒಂದೇ ಕೈಯಲ್ಲಿ, ಎಲ್ಲ ಮಕ್ಕಳ ಹೆಸರೂ ಹಾಜರಿ ಪಟ್ಟಿಯ ಕ್ರಮದಲ್ಲೇ ಇದ್ದರೆ ಅದು ಕೂತು ತುಂಬಿದ ವಹಿ. ನಿಜವಾದ ವಹಿಯಲ್ಲಿ ಹೊಡೆದುಹಾಕಿದ ಸಾಲುಗಳಿರುತ್ತವೆ, ಒಂದೇ ಪುಸ್ತಕ ಮತ್ತೆ ಮತ್ತೆ ಬರುತ್ತದೆ, ವಾಪಸಿನ ತಾರೀಕು ಏರುಪೇರಾಗಿರುತ್ತದೆ. ಕಪಾಟಿನಲ್ಲಿ ಒಂದಷ್ಟು ಪುಸ್ತಕಗಳ ಹೊದಿಕೆ ಸವೆದು ಮೂಲೆ ಮಡಚಿರುತ್ತದೆ, ಅದೇ ಪುಸ್ತಕಗಳ ಸಂಖ್ಯೆ ವಹಿಯಲ್ಲೂ ಹೆಚ್ಚು ಕಾಣುತ್ತದೆ. ಮೊದಲ ಮೂರು ತಿಂಗಳ ವರದಿಯ ಜೊತೆ, ಉದ್ಘಾಟನೆಯ ಫೋಟೋ ಎಷ್ಟೇ ಇರಲಿ, ಇಂಥ ವಹಿಯ ಎರಡು ಪುಟಗಳ ನಕಲು, ಬಳಕೆ ಪ್ರಮಾಣಪತ್ರ, ಬಿಲ್ಲುಗಳು ಮತ್ತು ಒಂದೂ ಪುಸ್ತಕ ಒಯ್ಯದ ಮಕ್ಕಳಿಗಾಗಿ ಮುಂದಿನ ತಿಂಗಳು ಏನು ಮಾಡುತ್ತೇವೆ ಎಂಬ ಒಂದು ಪ್ಯಾರಾ ಹೋಗಲಿ. ಎರಡನೇ ವರ್ಷದ 1,17,000 ರೂಪಾಯಿ ಬಿಡುಗಡೆಗೆ ಸಹಿ ಹಾಕುವ ಮುನ್ನ ಕಾರ್ಖಾನೆಯ ಲೆಕ್ಕದವರು ತೆಗೆದು ನೋಡುವುದು ಆ ಕಡತವನ್ನೇ.